ಬರ್ನ್ ಆದ ಕೆನ್ನೆ

ಏನೇನು ಕೆಡಬಹುದಿತ್ತು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ತಡವರಿಸದೆ ನನಗೆ ಬರುವ ವಿದ್ಯೆ ಅದೊಂದೇ. ಕರೆಂಟು ಹೋಗಬಹುದಿತ್ತು. ಕರೆಂಟು ಇದ್ದೂ ನಮ್ಮ ಮುದಿ ಯುಪಿಎಸ್ಸು ಕೀಂ ಕೀಂ ಎಂದು ಕೂಗಿ ಕಂಪ್ಯೂಟರನ್ನು ಆರಿಸಬಹುದಿತ್ತು. ಫ್ಲ್ಯಾಷಿನ ಬೆಳಕನ್ನು ಮೆದುವಾಗಿಸುವ ಸಾಫ್ಟ್‌ಬಾಕ್ಸ್ ಹೊತ್ತಿದ್ದ ಸ್ಟ್ಯಾಂಡಿನ ಒಂದು ಕಾಲಿನ ತಿರುಪು ಸಡಿಲವಾಗಿತ್ತು. ಅದು ನಿಂತಲ್ಲೇ ತೂಕಡಿಸಿ, ಅವತ್ತು ಫೋಟೋಗೆ ಬರಲಿದ್ದ ಟೀಚರಮ್ಮನ ತಲೆಯ ಮೇಲೆ ಒರಗಬಹುದಿತ್ತು. ಮೆಮೊರಿ ಕಾರ್ಡು ಮುನಿಸಿಕೊಂಡು ಒಂದೂ ಚಿತ್ರ ಕೊಡದೆ ಹೋಗಬಹುದಿತ್ತು. ನಮ್ಮ ಬೆಂಗಳೂರಿನದೇ ಸಿಂಗಾಪುರದಿಂದ ಅವರನ್ನು ಕರೆತರುವ ಆಟೋ ವಿದ್ಯಾರಣ್ಯಪುರ ದಾಟುವ ಮೊದಲೇ ಕೆಟ್ಟು ನಿಲ್ಲಬಹುದಿತ್ತು. ಕೆಳಗಿನ ಬೇಕರಿಯವರು ಅದೇ ಹೊತ್ತಿಗೆ ಮೆಣಸಿನಕಾಯಿ ಹುರಿದು, ಮಹಡಿಯಲ್ಲಿ ನಾವೆಲ್ಲ ಕಣ್ಣೀರಿಡುತ್ತ ಕೂರಬಹುದಿತ್ತು. ಹಿನ್ನೆಲೆಯ ಪರದೆಯಲ್ಲಿ ಹಲ್ಲಿ ಇರಬಹುದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಇಷ್ಟು ವರ್ಷ ಸ್ಟೂಲಿನ ಮೇಲೆ ಕೂತ ಪ್ರತಿಯೊಬ್ಬರನ್ನೂ ಕೇಳಿ ಕೇಳಿ ನನಗೆ ಬಾಯಿಪಾಠವಾಗಿದ್ದ ಮಾತು, "ಮುಖ ಸ್ವಲ್ಪ ಕ್ಲೀನ್ ಮಾಡ್ಕೊಡ್ಲಾ?" ಎಂಬುದು, ಈ ಒಬ್ಬರ ಮುಂದೆಯೂ ಜಾರಿಬಿಡಬಹುದಿತ್ತು.

ಬೆಳಗಿನಿಂದ ಇವೆಲ್ಲಕ್ಕೂ ಒಬ್ಬೊಬ್ಬ ಕಾವಲುಗಾರನನ್ನು ಮನಸ್ಸಿನಲ್ಲೇ ನಿಲ್ಲಿಸಿದ್ದೆ. ನನ್ನದೇ ಬಲಗೈಯ ಹೆಬ್ಬೆರಳಿಗೂ ಒಬ್ಬನನ್ನು ನಿಲ್ಲಿಸಬೇಕು ಎಂದು ಮಾತ್ರ ಹೊಳೆಯಲಿಲ್ಲ.

ನಮ್ಮ ಸ್ಟುಡಿಯೋ ಆಗ ಯಲಹಂಕ ಹಳೇ ಊರಿನಲ್ಲಿ ಬೇಕರಿಯ ಮೇಲೆ ಇತ್ತು. ಫೋಟೋ ತೆಗೆಯುವವನು ನಾನು, ಕಂಪ್ಯೂಟರಿನ ಮುಂದೆ ಕೂತು ಅದನ್ನು ಮನುಷ್ಯರು ನೋಡುವ ಹಾಗೆ ಮಾಡುವವಳು ನನ್ನ ಹೆಂಡತಿ. ಅದಕ್ಕೂ ಮೊದಲು ಅವಳು ಅದೇ ಕೋಣೆಯಲ್ಲಿ ಬ್ಲೌಸ್ ಹೊಲಿಯುತ್ತಿದ್ದಳು. ಹೊಲಿಗೆ ಯಂತ್ರ ಮೂಲೆಯಲ್ಲಿ ಹಾಗೇ ಇತ್ತು, ಮೇಲೊಂದು ಬಟ್ಟೆ ಹೊದ್ದುಕೊಂಡು. ಗಿರಾಕಿಗಳ ಜೊತೆ ಬಂದವರು ಅದರ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದರು.

ಕ್ಯಾಮೆರಾ ಒಂದು ಚಿತ್ರವನ್ನು ಎರಡು ರೀತಿಯಲ್ಲಿ ಇಟ್ಟುಕೊಳ್ಳಬಲ್ಲದು. ಒಂದು ಜೆಪೆಗ್: ಕ್ಯಾಮೆರಾ ತಾನೇ ಬಣ್ಣ, ಹೊಳಪು ಎಲ್ಲ ತೀರ್ಮಾನಿಸಿ, ಬೇಡವೆನಿಸಿದ್ದನ್ನು ಬಿಸಾಡಿ, ಮಡಚಿ ಕೈಗೆ ಕೊಡುವ ಚಿಕ್ಕ ಫೈಲು. ಇನ್ನೊಂದು ರಾ, ಎಂದರೆ ಹಸಿಯದು: ಒಳಗಿನ ಸೆನ್ಸರ್ ಮೇಲೆ ಬಿದ್ದ ಬೆಳಕಿನ ಲೆಕ್ಕವನ್ನು, ಏನೂ ತೀರ್ಮಾನ ಮಾಡದೆ, ಇದ್ದ ಹಾಗೇ ಇಟ್ಟುಕೊಂಡ ದಪ್ಪ ಫೈಲು. ನಮ್ಮ ಕಡೆ ಮದುವೆ, ನಾಮಕರಣ ತೆಗೆಯುವವರು ರಾ ಮುಟ್ಟುತ್ತಿರಲಿಲ್ಲ. ಕಾರ್ಡು ಬೇಗ ತುಂಬುತ್ತದೆ, ಕಂಪ್ಯೂಟರು ಏದುಸಿರು ಬಿಡುತ್ತದೆ, ಆಲ್ಬಮ್ಮಿನ ಲ್ಯಾಬಿಗೆ ಬೇಕಾದ್ದು ಹೇಗೂ ಜೆಪೆಗ್ಗೇ. ನಾನು ಮಾತ್ರ ಎರಡನ್ನೂ ಒಟ್ಟಿಗೆ ಉಳಿಸುವಂತೆ ಕ್ಯಾಮೆರಾ ಇಟ್ಟುಕೊಂಡಿದ್ದೆ. ಜ್ಞಾನದಿಂದಲ್ಲ, ಹೆದರಿಕೆಯಿಂದ. ಒಂದು ಕೆಟ್ಟರೆ ಇನ್ನೊಂದು ಇರಲಿ ಅಂತ. ಬಾಗಿಲಿಗೆ ಬೀಗ ಹಾಕಿ, ಅದನ್ನು ಎಳೆದು ನೋಡಿ, ಅರ್ಧ ಮೆಟ್ಟಿಲಿಳಿದು ಮತ್ತೆ ಹತ್ತಿ ಬಂದು ಎಳೆಯುವ ಜಾತಿ ನನ್ನದು. ಕಲ್ಯಾಣಮಂಟಪಗಳಲ್ಲಿ ಜೊತೆಯವರು, ಇದೇನ್ ಗುರು, ಉಪ್ಪಿನಕಾಯಿ ಹಾಕ್ತೀಯಾ ಇಷ್ಟೊಂದು ಫೈಲ್ ಇಟ್ಕೊಂಡು, ಎಂದು ಕಾಲೆಳೆಯುತ್ತಿದ್ದರು. ಹೆಂಡತಿ ಅವಕ್ಕೆ ಇಟ್ಟಿದ್ದ ಹೆಸರು 'ಭಯದ ಫೈಲು'. ಹಾರ್ಡ್ ಡಿಸ್ಕ್ ತುಂಬಿದಾಗಲೆಲ್ಲ, ನಿಮ್ಮ ಭಯದ ಫೈಲು ಅಳಿಸಲಾ, ಎಂದು ಕೇಳುತ್ತಿದ್ದಳು. ಬೇಡ ಎನ್ನುತ್ತಿದ್ದೆ. ಬೇಕಾದರೆ ಅವುಗಳನ್ನು ತೆರೆದು ಕೆಲಸ ಮಾಡುವುದು ಅವಳಿಗೇ ಗೊತ್ತಿತ್ತು. ಮದುವೆ ಸೀಸನ್ನಿನಲ್ಲಿ ಪುರುಸೊತ್ತು ಸಿಗುತ್ತಿರಲಿಲ್ಲ, ಅಷ್ಟೆ.

ನಮ್ಮ ಕಸುಬಿನ ಇನ್ನೊಂದು ಅಭ್ಯಾಸವನ್ನೂ ಇಲ್ಲೇ ಹೇಳಬೇಕು. ಬಂದವರೆಲ್ಲ ಸ್ಟೂಲಿನ ಮೇಲೆ ಕೂರುವ ಮೊದಲು ಒಂದೇ ಮಾತು ಹೇಳುತ್ತಿದ್ದರು: ಸ್ವಲ್ಪ ಬೆಳ್ಳಗೆ ಬರ್ಲಿ. ಅಳಿಯನಾಗುವವನು, ಮಗುವಿನ ತಾಯಿ, ಪಾಸ್‌ಪೋರ್ಟಿಗೆ ಬಂದ ಮುದುಕರು, ಎಲ್ಲರದೂ ಅದೇ. ಫಿಲಂ ಕಾಲದಿಂದಲೂ ನಾವು ಅದಕ್ಕೆ ಒಂದು ಪಾಯಿಂಟು, ಅಂದರೆ ಒಂದಕ್ಕೆರಡು, ಬೆಳಕು ಹೆಚ್ಚು ಕೊಡುತ್ತ ಬಂದವರು. ಡಿಜಿಟಲ್ ಬಂದ ಮೇಲೆ ಅದು ಕ್ಯಾಮೆರಾದ ಚಕ್ರವನ್ನು ಮೂರು ಕ್ಲಿಕ್ ತಿರುಗಿಸುವುದಾಯಿತು. ಟಕ್ ಟಕ್ ಟಕ್. ಬರಬರುತ್ತ ಅದನ್ನು ನಾನು ಮಾಡುವುದು ನಿಂತುಹೋಯಿತು. ನನ್ನ ಹೆಬ್ಬೆರಳೇ ಮಾಡತೊಡಗಿತು. ಒಳ್ಳೆಯ ಮುಖ ಕಂಡಕೂಡಲೇ ಅದು ತಾನಾಗಿ ಚಕ್ರದ ಕಡೆ ಹೊರಟುಬಿಡುತ್ತಿತ್ತು.

ಟೀಚರಮ್ಮ ಮೊದಲ ಸಲ ಬಂದಾಗ ಒಬ್ಬರೇ ಬಂದಿದ್ದರು. ಸಿಂಗಾಪುರ ಇನ್ನೂ ಹಳ್ಳಿಯಾಗಿದ್ದಾಗಿಂದ ಅಲ್ಲೇ ಇದ್ದ ಮನೆತನ. ಪ್ರೈಮರಿ ಶಾಲೆಯಲ್ಲಿ ಪಾಠ ಹೇಳುವವರು. ಎಡಗಿವಿಯ ಹತ್ತಿರದಿಂದ ತುಟಿಯ ತುದಿಯವರೆಗೆ ಅವರ ಕೆನ್ನೆ ಬೆಳ್ಳಗಿತ್ತು. ತೊನ್ನು. ವಯಸ್ಸಿಗೆ ಬಂದ ಕಾಲದಿಂದ ಇದ್ದದ್ದು. ಅವರು ಬೆಂಚಿನ ಮೇಲೆ ಕೂತು ನನ್ನ ಹೆಂಡತಿಯ ಜೊತೆ ಮಾತಾಡಿದರು. ನಾನು ಪರದೆಯ ಹಿಂದೆ, ಆಗಲೇ ಒರೆಸಿದ್ದ ಲೈಟನ್ನು ಮತ್ತೆ ಒರೆಸುತ್ತ ಕೇಳಿಸಿಕೊಂಡೆ.

ಚಿತ್ರಗಳಲ್ಲೆಲ್ಲ ತಾನು ಎಡಗೆನ್ನೆ ಮರೆಮಾಡಿಯೇ ನಿಂತದ್ದು ಎಂದರು. ಮದುವೆಯ ಆಲ್ಬಮ್ಮಿನಲ್ಲಿ ಕೂಡ ಗಂಡ ನೇರ ನೋಡುತ್ತಿದ್ದರೆ ತಾನು ಅವರ ಭುಜ ನೋಡುತ್ತಿದ್ದೇನೆ; ನಂಟರು ಅದನ್ನು ನಾಚಿಕೆ ಎಂದುಕೊಂಡರಂತೆ. ಒಂದು ವರ್ಷ ಶಾಲೆಯ ಗುಂಪುಚಿತ್ರಕ್ಕೆ ಬಂದ ಇನ್ನೊಂದು ಸ್ಟುಡಿಯೋದವರು, ಕೇಳದೇ ಇದ್ದರೂ, ಕಂಡಷ್ಟು ಕೆನ್ನೆಗೂ ಕಂದು ಬಣ್ಣ ಬಳಿದು ಕೊಟ್ಟಿದ್ದರು. ಅದನ್ನು ಗೋಡೆಗೆ ಹಾಕಿದ ದಿನ ಎರಡನೇ ಕ್ಲಾಸಿನ ಮಕ್ಕಳು ಬೆರಳಿಟ್ಟು ಹುಡುಕಿ, ನಮ್ಮ ಮಿಸ್ ಇಲ್ವೇ ಇಲ್ಲ ಇದ್ರಲ್ಲಿ, ಎಂದವಂತೆ. ಅದನ್ನು ಹೇಳಿ ಅವರೇ ನಕ್ಕರು.

ಆಮೇಲೆ ಮಗಳ ವಿಷಯ ಬಂತು. ಸೋಲದೇವನಹಳ್ಳಿಯ ಕಡೆಯ ಕಾಲೇಜಿನಲ್ಲಿ ಪಿಯುಸಿ. ಬೇಸಿಗೆಯಲ್ಲಿ ಅವಳ ಬಲಗಣ್ಣಿನ ತುದಿಯಲ್ಲಿ ಹೆಸರುಕಾಳಿನಷ್ಟು ಬಿಳಿ ಕಾಣಿಸಿಕೊಂಡಿತ್ತು. ಡಾಕ್ಟರು ಮುಲಾಮು ಕೊಟ್ಟು, ಇದು ಅಂಟುವ ರೋಗವೂ ಅಲ್ಲ, ಯಾರ ತಪ್ಪೂ ಅಲ್ಲ ಎಂದು ಚೆನ್ನಾಗಿಯೇ ತಿಳಿಸಿ ಹೇಳಿದ್ದರು. ನಮ್ಮ ಕಡೆ ಸ್ಕೂಟರಿನ ಹುಡುಗಿಯರೆಲ್ಲ ಧೂಳಿಗೆ ದುಪಟ್ಟಾವನ್ನು ಮುಖಕ್ಕೆ ಸುತ್ತಿಕೊಳ್ಳುತ್ತಾರಲ್ಲ, ಇವಳೂ ಸುತ್ತಿಕೊಂಡಳು. ಆದರೆ ಸ್ಕೂಟರಿನಿಂದ ಇಳಿದ ಮೇಲೂ ಬಿಚ್ಚಲಿಲ್ಲ. ಕ್ಲಾಸಿನಲ್ಲಿ ಬಿಚ್ಚು ಎಂದದ್ದಕ್ಕೆ ಕಾಲೇಜಿಗೆ ಹೋಗುವುದನ್ನೇ ಬಿಟ್ಟಿದ್ದಳು.

"ನಾನು ಹೇಳ್ದೆ, ಏನಾಗಲ್ಲ ಕಣೇ, ನನ್ನ ನೋಡು ಅಂತ," ಟೀಚರಮ್ಮ ಹೇಳಿದರು. "ಅವಳು ಆಲ್ಬಮ್ ತಂದು ಮುಂದಿಟ್ಟಳು. ಯಾವ ಫೋಟೋದಲ್ ನೋಡ್ಲಿ ನಿನ್ನ, ಅಂದ್ಲು."

ಅದಕ್ಕೇ ಬಂದಿದ್ದು. ಮುಖ ನೇರ ಇಟ್ಟು ಒಂದು ದೊಡ್ಡ ಫೋಟೋ. ಮನೆಯ ಹಾಲ್‌ನಲ್ಲಿ, ಬಾಗಿಲು ತೆರೆದರೆ ಎದುರಿಗೆ ಕಾಣುವ ಗೋಡೆಗೆ. ಬಣ್ಣ ಬಳಿಯಬಾರದು, ಇರುವುದು ಇದ್ದ ಹಾಗೇ ಬರಬೇಕು. ನನ್ನ ಹೆಂಡತಿ, ಆಯ್ತಕ್ಕ, ಅದೇನ್ ಮಹಾ, ಎಂದಳು. ಪರದೆಯ ಹಿಂದೆ ನನಗೆ ಆಗಲೇ ಬೆವರಿತ್ತು.

ಶನಿವಾರ ಶಾಲೆ ಬಿಟ್ಟ ಮೇಲೆ ತಾಯಿ ಮಗಳು ಬಂದರು. ಆಟೋ ಕೆಟ್ಟಿರಲಿಲ್ಲ. ಸೀರೆಯ ಚೀಲ ಹಿಡಿಯೋರು ಬೇಕು ಎಂಬ ನೆಪದಲ್ಲಿ ಹುಡುಗಿಯನ್ನು ಹೊರಡಿಸಿದ್ದರು. ದುಪಟ್ಟಾದ ಸಂದಿಯಿಂದ ಎರಡು ಕಣ್ಣಷ್ಟೇ ಕಾಣುತ್ತಿದ್ದವು. ಅವಳು ಹೊಲಿಗೆ ಯಂತ್ರದ ಪಕ್ಕದ ಬೆಂಚಿನಲ್ಲಿ, ನನ್ನ ಬೆನ್ನ ಹಿಂದೆ ಕೂತಳು.

ಬೆಳಕನ್ನು ಮೊದಲೇ ಹೆಂಡತಿಯನ್ನು ಕೂರಿಸಿ ಸರಿಮಾಡಿಟ್ಟಿದ್ದೆ. ಕಂದು ಕೆನ್ನೆ, ಬಿಳಿ ಕೆನ್ನೆ ಎರಡೂ ಒಂದೇ ಚಿತ್ರದಲ್ಲಿ ಇರುವುದರಿಂದ ಬಿಳಿಯ ಕಡೆಗೆ ಜೋಪಾನವಾಗಿರಬೇಕು ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಟೀಚರಮ್ಮ ಕೂತರು, ಕೂತ ಕೂಡಲೇ ಮುಖ ತಾನಾಗಿ ಎಡಕ್ಕೆ ಹೊರಳಿತು. ಸ್ವಲ್ಪ ಈ ಕಡೆ ಎಂದೆ. ತಿರುಗಿಸಿದರು. ನಾನು ಕ್ಯಾಮೆರಾಕ್ಕೆ ಕಣ್ಣಿಡುವಷ್ಟರಲ್ಲಿ ಮತ್ತೆ ಹೊರಳಿತ್ತು. ಅವರ ತಪ್ಪಲ್ಲ. ನನ್ನ ಹೆಬ್ಬೆರಳಿನ ಹಾಗೆ ಅವರ ಕತ್ತಿಗೂ ಅದರದೇ ಒಂದು ಬದುಕಿತ್ತು. ಹೀಗೇ ಸುಮಾರು ಹೊತ್ತು ನಡೆಯಿತು. ಎಲ್ಲ ಫ್ರೇಮಿನಲ್ಲೂ ಒಬ್ಬ ಒಳ್ಳೆಯ ಹೆಂಗಸು ಪಕ್ಕದ ಗೋಡೆಯ ಜೊತೆ ಮಾತಾಡುತ್ತಿದ್ದಳು.

ಆಗ ಬೆನ್ನ ಹಿಂದಿನಿಂದ, ದುಪಟ್ಟಾದೊಳಗಿಂದ, ಹುಡುಗಿಯ ದನಿ ಬಂತು. "ಅಮ್ಮ, ಹಾಜರಿ ಕೂಗು. ಕೊನೇ ಬೆಂಚಲ್ಲಿ ಯಾವನೋ ಬೇರೆಯವನ ಹೆಸರಿಗೆ ಪ್ರೆಸೆಂಟ್ ಮಿಸ್ ಅಂತಿದ್ದಾನೆ, ನೋಡು."

ಟೀಚರಮ್ಮ ತಲೆಯೆತ್ತಿ ನೇರ ನೋಡಿದರು. ಕೊನೇ ಬೆಂಚಿನ ಕಳ್ಳನನ್ನು ಹಿಡಿಯುವ ನೋಟ ಅದು; ಅದು ಅರ್ಧಕ್ಕೇ ನಗುವಾಗಿ ಮುಖವಿಡೀ ಹರಡಿತು. ಇದೇ ಫ್ರೇಮು ಎಂದು ನನಗೆ ಗೊತ್ತಾಯಿತು. ಹೆಬ್ಬೆರಳಿಗೂ ಗೊತ್ತಾಯಿತು. ಟಕ್ ಟಕ್ ಟಕ್. ಫ್ಲ್ಯಾಷ್ ಹೊಡೆಯಿತು.

ಕ್ಯಾಮೆರಾದ ಹಿಂದಿನ ಪುಟ್ಟ ಪರದೆಯಲ್ಲಿ, ಬೆಳಕು ಮಿತಿ ಮೀರಿದ ಜಾಗ ಕಪ್ಪುಬಿಳುಪಾಗಿ ಮಿಣುಕುತ್ತದೆ. ನಾವು ಅದಕ್ಕೆ ಬರ್ನ್ ಆಗಿದೆ ಎನ್ನುತ್ತೇವೆ. ಹುಡುಗಿ ತನ್ನ ಜೋಕಿಗೆ ಏನು ಬಂತೆಂದು ನೋಡಲು ನನ್ನ ಭುಜದ ಹತ್ತಿರ ಬಂದಿದ್ದಳು. ಪರದೆಯಲ್ಲಿ ಅವಳ ತಾಯಿ ನಗುತ್ತಿದ್ದರು. ಎಡಗೆನ್ನೆ ಮಾತ್ರ, ಕಿವಿಯಿಂದ ತುಟಿಯವರೆಗೆ, ಸರಿಯಾಗಿ ಆ ಬಿಳುಪಿನ ಆಕಾರದಲ್ಲೇ, ರಸ್ತೆ ಅಗೆದಲ್ಲಿ ಇಟ್ಟ ದೀಪದ ಹಾಗೆ ಮಿಣುಕುತ್ತಿತ್ತು.

"ಅಮ್ಮನ ಕೆನ್ನೆ ಯಾಕೆ ಹಂಗ್ ಮಾಡ್ತಿದೆ?" ಎಂದು ಕೇಳಿದಳು.

ಟೀಚರಮ್ಮ ಸ್ಟೂಲಿನಿಂದ ಇಳಿದು ಬಂದು ನೋಡಿದರು. ಅದು ಕ್ಯಾಮೆರಾದ ಸಮಾಚಾರ ಮೇಡಂ, ನಿಮ್ಮದಲ್ಲ, ಎಂದು ನಾನು ಏನೇನೋ ಹೇಳಿದೆ. ಚಕ್ರವನ್ನು ವಾಪಸು ತಿರುಗಿಸಿ ಮತ್ತೆ ಕೂರಿಸಿದೆ. ಬೆಳಕು ಈಗ ಅಚ್ಚುಕಟ್ಟಾಗಿತ್ತು, ಕೂತವರು ಬೇರೆಯವರಾಗಿದ್ದರು. ಇನ್ಸ್‌ಪೆಕ್ಟರು ಶಾಲೆಗೆ ಬಂದಾಗ ಇಟ್ಟುಕೊಳ್ಳುವ ನಗು, ಮುಖ ಮತ್ತೆ ಗೋಡೆಗೆ. ಹುಡುಗಿ ಇನ್ನೊಂದು ಜೋಕು ಹೇಳಲಿಲ್ಲ. ಎಷ್ಟು ತೆಗೆದರೂ ಆ ಒಂದು ಫ್ರೇಮು ಇನ್ನೊಮ್ಮೆ ಬರಲಿಲ್ಲ.

ಕಾರ್ಡು ಹೆಂಡತಿಯ ಕೈಗೆ ಹೋಯಿತು. ಅವಳ ಹಿಂದೆ ಮೂವರೂ ನಿಂತೆವು. ಅಭ್ಯಾಸದಂತೆ ಅವಳು ಮೊದಲು ತೆರೆದದ್ದು ಜೆಪೆಗ್. ದೊಡ್ಡ ಪರದೆಯಲ್ಲಿ ಮಿಣುಕು ಇರಲಿಲ್ಲ, ಆದರೆ ಇದಕ್ಕಿಂತ ಮಿಣುಕೇ ಮೇಲಾಗಿತ್ತು. ಕೆನ್ನೆ ಇರಬೇಕಾದಲ್ಲಿ ಖಾಲಿ ಹಾಳೆ. ನಗುವಾಗ ಮೂಗಿನ ಪಕ್ಕದಿಂದ ಇಳಿಯುವ ಗೆರೆ ಬಿಳುಪಿನ ಅಂಚಿನವರೆಗೆ ಬಂದು, ಮುಂದೆ ರಸ್ತೆ ಇಲ್ಲ ಎಂಬಂತೆ ನಿಂತುಬಿಟ್ಟಿತ್ತು.

ಹೆಂಡತಿ ಹೊಳಪನ್ನು ಕೆಳಗೆಳೆದಳು. ಬಿಳಿ ಹೋಯಿತು, ಬೂದಿ ಬಂತು. ಇನ್ನೂ ಎಳೆದಳು, ಬೂದಿ ಇನ್ನಷ್ಟು ಬೂದಿಯಾಯಿತು. ಚರ್ಮ ಬರಲಿಲ್ಲ. ಜೆಪೆಗ್ಗಿನಲ್ಲಿ ಕೆಂಪು, ಹಸಿರು, ನೀಲಿ ಒಂದೊಂದಕ್ಕೂ ಕತ್ತಲೆಯಿಂದ ಬೆಳಕಿಗೆ ಇನ್ನೂರೈವತ್ತಾರು ಮೆಟ್ಟಿಲಷ್ಟೇ. ತಿಳಿ ಚರ್ಮದಲ್ಲಿ ಕೆಂಪು ಎಲ್ಲಕ್ಕಿಂತ ಮೊದಲು ಮೇಲಿನ ಮೆಟ್ಟಿಲು ಮುಟ್ಟುತ್ತದೆ, ಹಿಂದೆಯೇ ಉಳಿದವೂ ಬಂದು ಸೇರುತ್ತವೆ. ಸೇರಿದ ಮೇಲೆ ರಂಧ್ರ, ಗೆರೆ, ಕೂದಲು ಎಲ್ಲಕ್ಕೂ ಒಂದೇ ಅಂಕಿ. ಆ ಒಂದೇ ಅಂಕಿಯನ್ನು ಎಷ್ಟು ಕೆಳಗಿಳಿಸಿದರೂ ಅದು ಒಂದೇ ಅಂಕಿ.

"ಸುಣ್ಣ ಹೊಡ್ದಂಗಿದೆ," ಎಂದಳು ಹುಡುಗಿ. ದನಿಯಲ್ಲಿ ಸಿಟ್ಟೂ ಇರಲಿಲ್ಲ. ದುಪಟ್ಟಾವನ್ನು ಕಣ್ಣಿನ ತುದಿಯವರೆಗೆ ಇನ್ನಷ್ಟು ಎಳೆದುಕೊಂಡು, ಕೆಳಗೆ ಬೇಕರಿ ಹತ್ರ ಇರ್ತೀನಿ ಎಂದು ಹೊರಟಳು.

ಟೀಚರಮ್ಮ ಅವಳನ್ನು ತಡೆಯಲಿಲ್ಲ. ನನ್ನ ಕಡೆ ತಿರುಗಿ, ನನಗೇ ಸಮಾಧಾನ ಹೇಳುವವರ ಹಾಗೆ ಹೇಳಿದರು: "ಬಿಡಿ ಸರ್. ಆ ಪಕ್ಕಕ್ಕೆ ತಿರುಗಿರೋದ್ರಲ್ಲೇ ಒಂದು ಕೊಡಿ. ಅಭ್ಯಾಸ ಇದೆ ನಮ್ಗೆ."

ನಾನು ಜೀವಮಾನದಲ್ಲಿ ಪಟ್ಟ ಚಿಂತೆಗಳೆಲ್ಲ ಸುಳ್ಳು ಚಿಂತೆಗಳಾಗಿದ್ದವು. ನಿಜವಾದದ್ದು ಎದುರಿಗೆ ಬಂದು ನಿಂತಾಗ ಅದರ ಜೊತೆ ಹೇಗೆ ನಡೆದುಕೊಳ್ಳಬೇಕೆಂದೇ ತಿಳಿಯಲಿಲ್ಲ. ಯುಪಿಎಸ್ಸಿನ ಕಡೆ ನೋಡುತ್ತ ನಿಂತೆ. ಅದಾದರೂ ಕೂಗಬಾರದೆ ಎನ್ನಿಸಿತು.

"ರೀ," ಎಂದಳು ಹೆಂಡತಿ, ಪರದೆಯಿಂದ ಕಣ್ಣು ತೆಗೆಯದೆ. "ನಿಮ್ಮ ಭಯದ ಫೈಲು ಇದ್ಯಲ್ಲ?"

ಇತ್ತು. ಪ್ರತಿ ಫ್ರೇಮಿಗೂ ಒಂದೊಂದು. ಅವಳು ಬಾಗಿಲಿನ ಕಡೆ ಕೂಗಿದಳು: "ಪುಟ್ಟಿ, ಇಳೀಬೇಡ ಇನ್ನೂ. ಇದೊಂದ್ ನೋಡ್ಕೊಂಡ್ ಹೋಗು. ಚೆನ್ನಾಗಿಲ್ಲ ಅಂದ್ರೆ ನಿನ್ ಕೈಲೇ ಡಿಲೀಟ್ ಮಾಡಿಸ್ತೀನಿ." ಡಿಲೀಟ್ ಮಾಡಬಹುದು ಎಂಬ ಆಸೆಗೋ ಏನೋ, ಹುಡುಗಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು.

ರಾ ಅಂದ್ರೆ ತೆಲುಗಲ್ಲಿ ಬಾ ಅಂತ ಅಲ್ವಾ, ಎಂದರು ಟೀಚರಮ್ಮ, ಪರದೆಯಲ್ಲಿ ಫೈಲಿನ ಮುಂದೆ ಬರೆದಿದ್ದುದನ್ನು ಓದಿ. ಹೂಂ ಅಕ್ಕ, ಕರೆದ್ರೆ ವಾಪಸ್ ಬರೋ ಫೈಲು ಇದು, ಎಂದಳು ನನ್ನವಳು. ಎಲ್ಲಿಯವರೆಗೆ ಬರುತ್ತದೆ ಎಂಬುದನ್ನು ಅವಳು ಹೊಲಿಗೆಯ ಲೆಕ್ಕದಲ್ಲಿ ಹೇಳಿದಳು. ಬ್ಲೌಸ್ ಹೊಲಿಯುವಾಗ ಪಕ್ಕದ ಹೊಲಿಗೆಯೊಳಗೆ ಒಂದಿಷ್ಟು ಬಟ್ಟೆ ಬಿಟ್ಟಿರುತ್ತಾರಲ್ಲ, ಮೈ ಬಂದಾಗ ಬಿಚ್ಚಿ ಸಡಿಲ ಮಾಡಿಕೊಳ್ಳಲಿ ಅಂತ? ಜೆಪೆಗ್ ಆ ಬಟ್ಟೆಯನ್ನು ಕತ್ತರಿಸಿ ಎಸೆದ ಬ್ಲೌಸು. ಮೇಲಿಂದ ನೋಡೋಕೆ ನೀಟು, ಬಿಚ್ಚಿದರೆ ಒಳಗೆ ಏನೂ ಇಲ್ಲ. ರಾದಲ್ಲಿ ಬಟ್ಟೆ ಒಳಗೇ ಇರುತ್ತದೆ. ಅದರಲ್ಲೂ ಬೆಳಕಿನ ತುದಿಯ ಕಡೆ ಧಾರಾಳವಾಗಿ. ಜೆಪೆಗ್ ಇನ್ನೂರೈವತ್ತಾರು ಮೆಟ್ಟಿಲು ಕೊಡುವಲ್ಲಿ ಇದು ಸಾವಿರಾರು ಕೊಡುತ್ತದೆ, ಅದರಲ್ಲಿ ಅರ್ಧದಷ್ಟು ಕೊನೆಯ, ಅತಿ ಬೆಳಕಿನ ಒಂದು ಪಾಯಿಂಟಿಗೇ ಮೀಸಲು.

"ಎಷ್ಟು ಬೇಕಾದ್ರೂ ಬಿಚ್ಬೋದಾ?" ಟೀಚರಮ್ಮ ಕೇಳಿದರು.

"ಬಿಟ್ಟಿರೋ ಅಷ್ಟೇ ಅಕ್ಕ. ಅದು ಮೀರಿದ್ರೆ ಹೊಸ ಬ್ಲೌಸೇ."

ಫೈಲು ತೆರೆಯಿತು. ಮೊದಲು ಕಂಡದ್ದು ಅದೇ ಸುಟ್ಟ ಕೆನ್ನೆ. ನನ್ನ ಎದೆ ಕೆಳಗಿನ ಬೇಕರಿಗೆ ಬಿತ್ತು. ಇರ್ರೀ, ಇದು ಮೊದ್ಲು ತೋರ್ಸೋಕೆ ಅಂತ ಒಳಗೆ ಅಂಟಿಸಿರೋ ಜೆಪೆಗ್, ನಿಮ್ಮ ಕ್ಯಾಮೆರಾ ಹಿಂದೆ ಮಿಣುಕಿದ್ದೂ ಇದೇ, ಎಂದಳು ಅವಳು. ನಿಜ. ಕ್ಯಾಮೆರಾದ ಹಿಂದಿನ ಪರದೆ ಹೆದರಿಸುವುದು ಜೆಪೆಗ್ಗಿನ ಲೆಕ್ಕದಲ್ಲಿ. ಒಳಗಿನ ಸೆನ್ಸರ್ ಇನ್ನೂ ತುಂಬಿರದಿದ್ದರೂ ಅದು ಬೊಬ್ಬೆ ಹಾಕುತ್ತದೆ. ಆ ವಿಷಯದಲ್ಲಿ ಅದೂ ನಾನೂ ಒಂದೇ. ಕಂಪ್ಯೂಟರು ಏದುಸಿರು ಬಿಟ್ಟಿತು, ಚಿತ್ರ ಒಮ್ಮೆ ಅಲುಗಿ ಸಪ್ಪೆಯಾಯಿತು. ಕೆನ್ನೆ ಇನ್ನೂ ಬೆಳ್ಳಗೇ ಇತ್ತು. ಹೆಂಡತಿ, ಅತಿ ಬೆಳಕಿನ ಜಾಗವನ್ನಷ್ಟೇ ತಗ್ಗಿಸುವ, ಹೈಲೈಟ್ಸ್ ಎಂದು ಬರೆದಿದ್ದ ಗುಂಡಿಯನ್ನು ಹಿಡಿದು ನಿಧಾನವಾಗಿ ಎಡಕ್ಕೆ ಎಳೆದಳು.

ಕೆನ್ನೆ ಬಂತು.

ಮೊದಲು ಬಣ್ಣ: ಬಿಳಿಯಲ್ಲ, ಸೀಬೆಹಣ್ಣು ಕೊಯ್ದಾಗ ಸಿಪ್ಪೆಯ ಒಳಗಡೆ ಇರುವಂಥ ತಿಳಿ ಗುಲಾಬಿ. ಕೆಂಪಿನ ಲೆಕ್ಕ ಸೆನ್ಸರಿನಲ್ಲಿ ತುಂಬಿರಲೇ ಇಲ್ಲ. ಜೆಪೆಗ್ ಮಾಡುವಾಗ ಕ್ಯಾಮೆರಾ ಬಣ್ಣ ಸರಿದೂಗಿಸುತ್ತೇನೆಂದು ಅದನ್ನು ಎತ್ತಿ, ಮೇಲೆ ಹೊಳಪನ್ನೂ ಸೇರಿಸಿ ದಡ ದಾಟಿಸಿತ್ತು. ಆಮೇಲೆ ರಂಧ್ರಗಳು, ಕಿವಿಯ ಹತ್ತಿರದ ನವಿರು ಕೂದಲು. ಬಿಳುಪಿನ ಅಂಚು ನಾನಂದುಕೊಂಡ ಹಾಗೆ ಕತ್ತರಿಸಿಟ್ಟ ಗಡಿಯಾಗಿರಲಿಲ್ಲ. ಅದರೊಳಗೆ ರಾಗಿಕಾಳಿನಷ್ಟು ಕಂದು ಚುಕ್ಕಿಗಳು ಅಲ್ಲೊಂದು ಇಲ್ಲೊಂದು ಚದುರಿದ್ದವು. ಅವರ ಕೆನ್ನೆಯನ್ನು ಎದುರಿಗೇ ನೋಡುತ್ತಿದ್ದ ನಾನು ಆ ಚುಕ್ಕಿಗಳನ್ನು ಅದುವರೆಗೆ ಗಮನಿಸಿರಲಿಲ್ಲ. ನೋಡಬಾರದು ಎಂಬ ಸಭ್ಯತೆಯಲ್ಲಿ ನಾವು ಎಷ್ಟೊಂದನ್ನು ನೋಡುವುದಿಲ್ಲ.

ಕೊನೆಗೆ ಗೆರೆ. ಮೂಗಿನ ಪಕ್ಕದಿಂದ ಹೊರಟು ಕಂದು ಚರ್ಮದಲ್ಲಿ ಇಳಿದು, ಅಂಚು ತಲುಪಿ, ನಿಲ್ಲದೆ ಬಿಳುಪಿನೊಳಗೆ ನಡೆದು, ತುಟಿಯ ತುದಿಯನ್ನು ಬಳಸಿಕೊಂಡು ಹೋಗಿತ್ತು. ನಗು ಒಂದೇ ಇತ್ತು.

ಮುಖದ ಉಳಿದ ಭಾಗ ಸ್ವಲ್ಪ ಕಪ್ಪಾಯ್ತೇನೋ ಎಂದೆ ನಾನು. ಹೆಂಡತಿ ತಿರುಗಿ ನೋಡಿದಳು. ಆ ನೋಟಕ್ಕೆ ನನ್ನ ಹೆಬ್ಬೆರಳು ಮುಷ್ಟಿಯೊಳಗೆ ಹೋಯಿತು. ಅವಳು ಉತ್ತರ ಕೊಡುವ ಮೊದಲೇ ಬೇರೆ ದನಿ ಬಂತು.

"ಹಂಗೇ ಇರ್ಲಿ ಅಂಕಲ್. ಅಮ್ಮ ಇರೋದೇ ಹಂಗೆ."

ಹುಡುಗಿ ಯಾವಾಗ ಬಾಗಿಲು ಬಿಟ್ಟು ಬಂದಳೋ ಗೊತ್ತಾಗಲಿಲ್ಲ. ಕಂಪ್ಯೂಟರಿಗೆ ಅಷ್ಟು ಹತ್ತಿರ ಬಗ್ಗಿದ್ದಳು. ದುಪಟ್ಟಾ ಗದ್ದಕ್ಕೆ ಜಾರಿತ್ತು. ಪರದೆಗೆ ತಾಗಿಸದೆ ಬೆರಳಿನಲ್ಲಿ ಆ ಗೆರೆಯ ಜೊತೆಗೇ ನಡೆದು ಹೋದಳು. ಅಂಚಿನ ಹತ್ತಿರ ಒಂದು ಕ್ಷಣ ನಿಂತು, ದಾಟಿದಳು.

"ಇಲ್ಲಿ ಚುಕ್ಕಿ ಇದ್ಯಲ್ಲಮ್ಮ," ಎಂದಳು.

"ಇದೆ. ಎಷ್ಟೋ ವರ್ಷದಿಂದ."

"ಹೇಳೇ ಇಲ್ಲ ನೀನು."

"ನೀನ್ ಕೇಳಿದ್ದು ಇವತ್ತೇ ಅಲ್ವೇನೇ," ಎಂದರು ಟೀಚರಮ್ಮ.

ತನ್ನ ಫೋನಿನ ಫೋಟೋಗಳಲ್ಲೂ ಹೀಗೆ ಒಳಗೆ ಬಟ್ಟೆ ಇರುತ್ತಾ ಎಂದು ಹುಡುಗಿ ನನ್ನ ಹೆಂಡತಿಯನ್ನು ಕೇಳಿದಳು. ನಿನ್ ಫೋನು ಜೆಪೆಗ್ಗೇ ಕೊಡೋದು ಪುಟ್ಟಿ, ಅದು ಹೊಲಿದು, ಕತ್ತರಿಸಿ, ಇಸ್ತ್ರಿ ಮಾಡೇ ಕೊಡುತ್ತೆ, ಎಂದಳು ಇವಳು. ಡಿಲೀಟ್ ಮಾಡುವ ಮಾತು ಯಾರೂ ಎತ್ತಲಿಲ್ಲ. ಹೊರಡುವಾಗ ಮೆಟ್ಟಿಲ ಮೇಲೆ ಹುಡುಗಿ ದುಪಟ್ಟಾವನ್ನು ಮತ್ತೆ ಸುತ್ತಿಕೊಂಡಳು. ಹೊರಗೆ ಧೂಳಿತ್ತು, ಧೂಳಿಗೋ ಇನ್ನೇತಕ್ಕೋ ನಾನು ಹೇಳಲಾರೆ. ಆ ರಾತ್ರಿಯಿಡೀ ಅದನ್ನೇ ಚಿಂತಿಸಿದೆ.

ಪ್ರಿಂಟಿನ ಲ್ಯಾಬಿನವರಿಗೆ, ಏನೂ ಕರೆಕ್ಷನ್ ಮಾಡಬೇಡಿ, ಮುಖ ಮುಟ್ಟಲೇಬೇಡಿ ಎಂದು ಹೇಳಿ, ಕವರಿನ ಮೇಲೆ ಬರೆದು, ಮತ್ತೆ ಫೋನು ಮಾಡಿ ಹೇಳಿದೆ. ಅವರು ಬೇಸತ್ತು, ಅಣ್ಣ, ನಾವ್ ಕಣ್ಮುಚ್ಕೊಂಡೇ ಪ್ರಿಂಟ್ ಹಾಕ್ತೀವಿ ಬಿಡಿ, ಎಂದರು. ಚಿತ್ರ ಚೆನ್ನಾಗಿ ಬಂತು. ಕಟ್ಟು ಹಾಕಿಸಿ ಕಳಿಸಿದೆವು. ಆಮೇಲೆ ಸುದ್ದಿ ಇಲ್ಲ. ಗಾಜು ಒಡೆಯಿತೇನೋ, ಗೋಡೆಯಿಂದ ಇಳಿಸಿದರೇನೋ, ಹುಡುಗಿ ಮತ್ತೆ ಮನೆಯಲ್ಲೇ ಕೂತಳೇನೋ ಎಂದು ನಾನು ದಿನಕ್ಕೊಂದು ಕಟ್ಟಿಕೊಳ್ಳುತ್ತಿದ್ದೆ. ಸುದ್ದಿ ಇಲ್ಲಾಂದ್ರೆ ಒಳ್ಳೇ ಸುದ್ದಿ ಕಣ್ರೀ, ಎಂದು ಹೆಂಡತಿ ಹೇಳುವುದು, ನನಗೆ ನಂಬಿಕೆ ಬರದಿರುವುದು, ಇದು ನಮ್ಮ ಸಂಸಾರದ ಹಳೆಯ ಏರ್ಪಾಡು.

ಮಳೆಗಾಲ ಇನ್ನೂ ಮುಗಿದಿರಲಿಲ್ಲ. ಒಂದು ಸಂಜೆ ಟೀಚರಮ್ಮ ಮಹಡಿ ಹತ್ತಿ ಬಂದರು. ಕಂಕುಳಲ್ಲಿ ಬೆಡ್‌ಶೀಟಿನಲ್ಲಿ ಸುತ್ತಿದ ಅದೇ ಕಟ್ಟು. ನಾನು ಎದ್ದು ನಿಂತೆ. ಅವರು ಉಸಿರು ಸುಧಾರಿಸಿಕೊಂಡು, ಕಟ್ಟನ್ನು ಹೊಲಿಗೆ ಯಂತ್ರದ ಮೇಲೆ ಒರಗಿಸಿ, ಬೆಡ್‌ಶೀಟು ಬಿಚ್ಚಿದರು. ಸ್ವಲ್ಪ ಸಂಕೋಚದಿಂದ, ಆದರೆ ದೂರು ಕೊಡಲು ಬಂದ ಗಿರಾಕಿಯ ಗಡಸನ್ನು ಪೂರ್ತಿ ಬಿಡದೆ, ಒಂದು ತಪ್ಪಾಗಿದೆ ಎಂದರು. ತಾನು ಗಮನಿಸಿರಲಿಲ್ಲವಂತೆ. ಬೆಳಿಗ್ಗೆ ಮಗಳು ಕಾಲೇಜಿಗೆ ಹೊರಟವಳು ಶೂ ಹಾಕಿಕೊಳ್ಳುತ್ತ ಕೂತಲ್ಲಿಂದ ನೋಡಿ ಹೇಳಿದಳಂತೆ.

"ಮೂಗುತಿ ನೋಡಿ ಸರ್. ನಮ್ಮಮ್ಮಂದು. ಕೆಂಪು ಕಲ್ಲು ಅದು. ಇಲ್ಲಿ ಬಿಳೀದಾಗಿದೆ."

ಹೆಂಡತಿ ಆಗಲೇ ಭಯದ ಫೈಲು ತೆರೆದಿದ್ದಳು. ದೊಡ್ಡದು ಮಾಡಿದಳು, ಹೈಲೈಟ್ಸ್ ಎಳೆದಳು, ಎಕ್ಸ್‌ಪೋಷರ್ ಎಳೆದಳು, ಕೊನೆಯವರೆಗೆ ಎಳೆದಳು. ಕಲ್ಲು ಬಿಳಿಯಿಂದ ಬೂದಿಗೆ ಹೋಯಿತು, ಕೆಂಪಿಗೆ ಬರಲಿಲ್ಲ. ಸಾಫ್ಟ್‌ಬಾಕ್ಸಿನ ಬೆಳಕು ಕಲ್ಲಿನ ಮುಖಕ್ಕೆ ಕನ್ನಡಿಗೆ ಬಡಿದಂತೆ ನೇರ ಬಡಿದು ವಾಪಸಾಗಿತ್ತು. ಅಲ್ಲಿ ಸೆನ್ಸರೇ ತುಂಬಿ ಚೆಲ್ಲಿತ್ತು. ಅಲ್ಲಿ ಒಳಗೆ ಬಿಟ್ಟ ಬಟ್ಟೆ ಒಂದೆಳೆಯೂ ಇರಲಿಲ್ಲ.

ಟೀಚರಮ್ಮ ಕನ್ನಡಕ ಏರಿಸಿ, ತಮ್ಮದೇ ಮುಖಕ್ಕೆ ಮುಖ ಹತ್ತಿರ ತಂದು ಇನ್ನೊಮ್ಮೆ ನೋಡಿದರು. ಆ ಕೆನ್ನೆಯ ಮೇಲೆ ಅವರ ಕಣ್ಣು ಎಲ್ಲೂ ನಿಲ್ಲಲಿಲ್ಲ, ನೇರ ಮೂಗಿನ ಮೇಲೆಯೇ ಇಳಿಯಿತು. ಉಳಿದದ್ದೆಲ್ಲ ಸರಿಯಾಗಿದೆ, ಅದೊಂದು ಕಲ್ಲು ನೋಡಿ, ಎಂದರು. ಅದೊಂದು ಹೌದು ಎಂದು ನಾನು ಒಪ್ಪಿಕೊಂಡೆ.